ಬಾಣದಿಂದ ಅಂಕಿಗೆ: ಎಲೆಯ ಪಿಷ್ಟ ಪರೀಕ್ಷೆಯ ಒಂದು ಸ್ಲೈಡ್

ಮಲವಗೊಪ್ಪದ ಪ್ರೌಢಶಾಲೆಯೊಂದರಲ್ಲಿ ನನ್ನ ಬೋಧನಾಭ್ಯಾಸ ನಡೆಯಿತು. ಹತ್ತನೇ ತರಗತಿಯ ‘ಜೀವಕ್ರಿಯೆಗಳು’ ಘಟಕಕ್ಕೆ ನನ್ನ ಬಳಿ ಒಂದು ಪಿಪಿಟಿ ಇತ್ತು. ಅದರ ಒಂದು ಸ್ಲೈಡಿನಲ್ಲಿ ಎಲೆಯ ಪಿಷ್ಟ ಪರೀಕ್ಷೆಯ ಪ್ರಕ್ರಿಯಾ ಚಿತ್ರ: ಆರು ಚೌಕ, ನಡುವೆ ಬಾಣಗಳು, ‘ಹಸಿರು ಹೋಯಿತೇ?’ ಎಂಬ ಒಂದು ವಜ್ರಾಕೃತಿ. ವಿವರಿಸಲು ಈ ಚಿತ್ರ ಸಾಕು. ಆದರೆ ಮಕ್ಕಳು ಐದು ಗುಂಪುಗಳಾಗಿ ತಾವೇ ಪ್ರಯೋಗ ಮಾಡಬೇಕಿತ್ತು. ಮದ್ಯಸಾರ ಬೇಗ ಹೊತ್ತಿಕೊಳ್ಳುವ ದ್ರವ, ಐದು ಮೇಜಿನ ಬಳಿಯೂ ಒಂದೇ ಸಲ ನಾನು ನಿಲ್ಲಲಾರೆ. ಹಾಗಾಗಿ ಚಿತ್ರವನ್ನು ಅಂಕಿ ಹಾಕಿದ ಸೂಚನೆಗಳಾಗಿ ಬರೆದು ಪ್ರತಿ ಗುಂಪಿಗೂ ಒಂದು ಹಾಳೆ ಕೊಡಲು ನಿರ್ಧರಿಸಿದೆ.

ಮೊದಲು ಪ್ರತಿ ಬಾಣಕ್ಕೂ ಒಂದು ಪ್ರಶ್ನೆ ಕೇಳಿಕೊಂಡೆ: ಈ ಬಾಣ ಏನು ಹೇಳುತ್ತದೆ? ಕತ್ತಲೆಯಿಂದ ಬಿಸಿಲಿಗೆ ಹೋಗುವ ಬಾಣ ಕಾಲವನ್ನು ಹೇಳುತ್ತದೆ. ಗಿಡವನ್ನು ಮೂರು ದಿನ ಕತ್ತಲಲ್ಲಿಟ್ಟು, ನಂತರ ಸುಮಾರು ಆರು ಗಂಟೆ ಬಿಸಿಲಿಗೆ ಇಡಬೇಕು. ಇದು ಮಕ್ಕಳ ಒಂದು ಅವಧಿಯ ಕೆಲಸವಲ್ಲ, ಶಿಕ್ಷಕರ ಪೂರ್ವಸಿದ್ಧತೆ. ಅದನ್ನು ಹಾಳೆಯಿಂದ ತೆಗೆದು ಪಾಠಯೋಜನೆಗೆ ಸೇರಿಸಿದೆ. ಬಿಸಿಲಿನ ಲೆಕ್ಕಕ್ಕೆ ಸರಿಯಾಗಿ ಪ್ರಯೋಗವೂ ದಿನದ ಕೊನೆಯ ಅವಧಿಗೆ ಬಂತು. ಮುಂದಿನ ಬಾಣಗಳು ಎಲೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದನ್ನಷ್ಟೇ ಹೇಳುತ್ತಿದ್ದವು. ಯಾರು ತೆಗೆಯಬೇಕು, ಯಾವುದರಿಂದ ಹಿಡಿಯಬೇಕು, ಎಷ್ಟು ಹೊತ್ತು ಎಂಬುದು ಬಾಣದಲ್ಲಿ ಇರುವುದಿಲ್ಲ.

ಚಿತ್ರ ಮುಚ್ಚಿಟ್ಟಿದ್ದ ಇನ್ನೊಂದು ಸಂಗತಿ ಜ್ವಾಲೆ. ಸ್ಲೈಡಿನಲ್ಲಿ ನೀರಿನ ಬೀಕರ್ ಕೆಳಗೂ, ಮದ್ಯಸಾರವಿದ್ದ ಬೀಕರ್ ಕೆಳಗೂ ದೀಪ ಬರೆದಿತ್ತು. ಮದ್ಯಸಾರ ಸುಮಾರು 78 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಆಗತಾನೇ ಕುದಿದ ನೀರಿನ ಬಿಸಿಯೇ ಅದಕ್ಕೆ ಸಾಕು, ಉರಿ ಬೇಕಿಲ್ಲ. ಆದ್ದರಿಂದ ಎಲೆ ಕುದಿಸಿದ ಬೀಕರನ್ನೇ ಮತ್ತೆ ಬಳಸಿ, ನಡುವೆ ಚಿತ್ರದಲ್ಲಿಲ್ಲದ ಒಂದು ಹಂತವನ್ನು ಸೇರಿಸಿದೆ.

ಮಕ್ಕಳ ಕೈಗೆ ಹೋದ ಹಾಳೆ ಹೀಗಿತ್ತು:

1. ಬೀಕರ್‌ಗೆ ಅರ್ಧ ನೀರು ಹಾಕಿ ಸ್ಪಿರಿಟ್ ಲ್ಯಾಂಪ್ ಮೇಲೆ ಕುದಿಯಲು ಇಡಿ. ಕಾಯುವಾಗ ಎಲೆಯ ಹಸಿರು ಭಾಗಗಳ ಚಿತ್ರ ಬರೆದುಕೊಳ್ಳಿ.
2. ಎಲೆಯನ್ನು ಇಕ್ಕಳದಿಂದ ಹಿಡಿದು ಕುದಿಯುವ ನೀರಿನಲ್ಲಿ 2 ನಿಮಿಷ ಅದ್ದಿ. ಮೆತ್ತಗಾದ ಮೇಲೆ ತಟ್ಟೆಯಲ್ಲಿಡಿ.
3. ಮುಚ್ಚಳ ಹಾಕಿ ಲ್ಯಾಂಪ್ ಆರಿಸಿ. ಊದಬೇಡಿ. ಆರಿದ್ದನ್ನು ಶಿಕ್ಷಕರಿಗೆ ತೋರಿಸಿ. ಎಲ್ಲ ಲ್ಯಾಂಪ್ ಆರಿದ ಮೇಲೆ ಮದ್ಯಸಾರದ ಪ್ರನಾಳ ಸಿಗುತ್ತದೆ.
4. ತಟ್ಟೆಯಲ್ಲಿರುವ ಎಲೆಯನ್ನು ಸುರುಳಿ ಮಾಡಿ, ಮುಳುಗುವಂತೆ ಪ್ರನಾಳದೊಳಗೆ ಇಳಿಸಿ.
5. ಪ್ರನಾಳವನ್ನು ಬೀಕರಿನ ಬಿಸಿನೀರಿನಲ್ಲಿ 5 ನಿಮಿಷ ನಿಲ್ಲಿಸಿ.
6. ಎಲೆ ನೋಡಿ. ಹಸಿರು ಉಳಿದಿದ್ದರೆ ಕೈ ಎತ್ತಿ. ಶಿಕ್ಷಕರು ಬಿಸಿನೀರು ಬದಲಿಸಿದ ಮೇಲೆ 5ನೇ ಹಂತವನ್ನು ಮತ್ತೆ ಮಾಡಿ. ಬಿಳಿಚಿದ್ದರೆ 7ಕ್ಕೆ ಹೋಗಿ.
7. ಎಲೆಯನ್ನು ಬೆಚ್ಚನೆಯ ನೀರಿನಲ್ಲಿ ಅದ್ದಿ, ಮೆತ್ತಗಾದ ಮೇಲೆ ತಟ್ಟೆಯಲ್ಲಿ ಬಿಡಿಸಿ ಹರಡಿ.
8. ಅಯೋಡಿನ್ ದ್ರಾವಣವನ್ನು ಎಲೆಯ ಮೇಲೆಲ್ಲ ಹನಿಸಿ. 2 ನಿಮಿಷದ ನಂತರ ತೊಳೆದು, ನೀವು ಬರೆದ ಚಿತ್ರದ ಪಕ್ಕ ಇಟ್ಟು ಹೋಲಿಸಿ.

ವಜ್ರಾಕೃತಿ 6ನೇ ಹಂತವಾಯಿತು. ಬರವಣಿಗೆಯಲ್ಲಿ ಹಿಂದಕ್ಕೆ ಹೋಗುವ ಬಾಣ ಇಲ್ಲ. ಯಾವ ಹಂತಕ್ಕೆ, ಯಾವ ಷರತ್ತಿನ ಮೇಲೆ ಎಂದು ಅಂಕಿ ಹೇಳಿಯೇ ಕಳಿಸಬೇಕು. ‘ಮತ್ತೆ ಬಿಸಿ ಮಾಡಿ’ ಎಂದಷ್ಟೇ ಬರೆದರೆ ಯಾರಾದರೂ ಲ್ಯಾಂಪ್ ಹಚ್ಚಿಯಾರು. ಹಾಗೆಯೇ ‘ಮೆತ್ತಗಾದ ಮೇಲೆ’, ‘ಬಿಳಿಚಿದ್ದರೆ’ ಎಂಬ ಗುರುತುಗಳನ್ನು ನಿಮಿಷದ ಜೊತೆಗೇ ಇಟ್ಟೆ. ದಪ್ಪ ಎಲೆಗೆ ಐದು ನಿಮಿಷ ಸಾಲದು; ಕಣ್ಣಿಗೆ ಕಾಣುವ ಗುರುತು ಎಲ್ಲ ಎಲೆಗೂ ಹೊಂದುತ್ತದೆ. ಕಾರಣಗಳನ್ನು ಹಾಳೆಯಲ್ಲಿ ಬರೆಯಲಿಲ್ಲ. ಮದ್ಯಸಾರ ಪತ್ರಹರಿತ್ತನ್ನು ಕರಗಿಸುತ್ತದೆ, ಅದರಲ್ಲಿದ್ದ ಎಲೆ ಬಿರುಸಾಗಿ ಮುರಿಯುತ್ತದೆ ಎಂಬುದೆಲ್ಲ ನಂತರದ ಚರ್ಚೆಗೆ ಉಳಿಯಿತು.

ಹಾಳೆಯ ಪರೀಕ್ಷೆಗೆ ಕನ್ನಡ ವಿಷಯದ ಸಹಪ್ರಶಿಕ್ಷಣಾರ್ಥಿಯೊಬ್ಬರು ನೆರವಾದರು. ಅವರು ಸ್ಲೈಡ್ ನೋಡಿರಲಿಲ್ಲ. ಮದ್ಯಸಾರವೂ ಬೆಂಕಿಯೂ ಇಲ್ಲದೆ, ಬರೀ ಉಪಕರಣ ಹಿಡಿದು ಕರಡನ್ನು ಓದುತ್ತಾ ಮಾಡಿ ತೋರಿಸಿದರು. 4ನೇ ಹಂತದಲ್ಲಿ ನಿಂತು, “ಎಲೆ ಈಗ ಎಲ್ಲಿದೆ ಮೇಡಂ?” ಎಂದರು. ‘ತಟ್ಟೆಯಲ್ಲಿರುವ’ ಎಂಬ ಮಾತು ಸೇರಿದ್ದು ಆಗಲೇ. ಚಿತ್ರ ನೋಡಿದವರಿಗೆ ಆ ಮಾತಿನ ಅಗತ್ಯವೇ ತೋರುವುದಿಲ್ಲ.

ತರಗತಿಯಲ್ಲಿ ಹಸಿರು ಬಿಳಿ ಮಚ್ಚೆಯ ಮನಿಪ್ಲಾಂಟ್ ಎಲೆ ಬಳಸಿದೆವು. ಎರಡು ಗುಂಪುಗಳು 6ರಿಂದ 5ಕ್ಕೆ ಒಮ್ಮೆ ಹಿಂತಿರುಗಿದವು. ಹಸಿರಿದ್ದ ಕಡೆ ನೀಲಿಗಪ್ಪು, ಬಿಳಿಯಿದ್ದ ಕಡೆ ಅಯೋಡಿನ್‌ನ ಕಂದು ಉಳಿಯಿತು.

ಎಲ್ಲ ಚಿತ್ರಕ್ಕೂ ಈ ಕ್ರಮ ಒಗ್ಗುವುದಿಲ್ಲ. ಪಕ್ಕದ ಭದ್ರಾವತಿಯ ಕಬ್ಬಿಣದ ನೆನಪಿನಲ್ಲಿ ಊದುಕುಲುಮೆಯ ಚಿತ್ರವನ್ನು ಪಾಠಕ್ಕೆ ತೆಗೆದುಕೊಳ್ಳುವವರುಂಟು. ಅಲ್ಲಿ ಮೇಲಿನಿಂದ ಅದಿರು ಬೀಳುವುದೂ ಕೆಳಗಿನಿಂದ ಬಿಸಿಗಾಳಿ ಏರುವುದೂ ಏಕಕಾಲಕ್ಕೆ, ಬಿಡುವಿಲ್ಲದೆ. ಅದಕ್ಕೆ 1, 2, 3 ಹಾಕಿದರೆ ಒಂದು ಮುಗಿದು ಇನ್ನೊಂದು ಎಂದು ಮಕ್ಕಳು ತಿಳಿಯುತ್ತಾರೆ. ಅಂತಹ ಚಿತ್ರ ಚಿತ್ರವಾಗಿಯೇ ಇರಲಿ. ಒಂದು ಜೊತೆ ಕೈಗಳು ಒಂದರ ನಂತರ ಒಂದಾಗಿ ಮಾಡಬಲ್ಲ ಕೆಲಸಕ್ಕೆ ಮಾತ್ರ ಅಂಕಿ ಸಲ್ಲುತ್ತದೆ.