ಪಟೇಲಜ್ಜ ಕೊಟ್ಟದ್ದೋ, ಪಟೇಲಜ್ಜನಿಗೆ ಕೊಟ್ಟದ್ದೋ?

ನಮ್ಮಜ್ಜಿಗೆ ಈಗ ಎಂಬತ್ತಾರು. ಬಸವೇಶ್ವರನಗರದ ಮನೆಯಲ್ಲಿ ಸಂಜೆ ಕರೆಂಟ್ ಹೋದರೆ ಸಾಕು, ಅವರ ತಾತನ ಕಥೆ ಶುರು. ಕೆಂಗೇರಿ ಹೋಬಳಿಯ ಒಂದು ಊರಿಗೆ ಪಟೇಲರಂತೆ. ದಸರಾ ಬಂತು ಅಂದರೆ ಕರಿ ಕೋಟು, ಜರಿ ಪೇಟ ಹಾಕಿಕೊಂಡು ಮೈಸೂರಿಗೆ ಪ್ರಜಾಪ್ರತಿನಿಧಿ ಸಭೆಗೆ ಹೋಗುತ್ತಿದ್ದರಂತೆ. ಕೊನೆಯ ಸಾಲು ಮಾತ್ರ ಯಾವಾಗಲೂ ಒಂದೇ: "ಊರಿನ ಕೆರೆ ನಮ್ಮ ತಾತ ಸ್ವಂತ ಜಮೀನು ಕೊಟ್ಟು ಕಟ್ಟಿಸಿದ್ದು ಕಣ್ರೋ."

ಹೋದ ವರ್ಷ ಒಂದು ಮದುವೆಮನೆಯಲ್ಲಿ ನೆಂಟರೊಬ್ಬರು ಊಟದ ಎಲೆ ಮುಂದೆ ಕೂತು, "ಅದೆಲ್ಲಾ ಸರ್ಕಾರದ ಜಮೀನು, ನಿಮ್ಮ ತಾತ ಏನೂ ಕೊಟ್ಟಿಲ್ಲ" ಅಂದುಬಿಟ್ಟರು. ಅಜ್ಜಿ ಅವತ್ತು ಪಾಯಸ ಮುಟ್ಟಲಿಲ್ಲ. ಮನೆಗೆ ಬಂದವರೇ ನಮ್ಮಿಬ್ಬರನ್ನೂ ಕೂರಿಸಿಕೊಂಡರು. ನಾವಿಬ್ಬರು ಅಂದರೆ ಅಣ್ಣತಮ್ಮಂದಿರ ಮಕ್ಕಳು, ಇಬ್ಬರೂ ಸಿವಿಲ್, ಇಬ್ಬರೂ ಇಂಗ್ಲಿಷ್ ಮೀಡಿಯಂ. "ಇಂಜಿನಿಯರಿಂಗ್ ಓದ್ತೀರಲ್ಲ, ಒಂದು ಕಾಗದ ತರಿಸಿಕೊಡಿ ನಂಗೆ. ತಾತ ಯಾವಾಗ ಹುಟ್ಟಿದ್ದು, ಆ ಜಮೀನು ಯಾರದು, ಅಷ್ಟೇ."

ನಾವು ಅವತ್ತೇ ರಾತ್ರಿ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಗೆ ಒಂದು ಪತ್ರ ಬರೆದೆವು. ಕನ್ನಡದಲ್ಲಿ ಒಂದು ಆಫೀಸಿಗೆ ಪತ್ರ ಬರೆದದ್ದು ಜೀವನದಲ್ಲಿ ಅದೇ ಮೊದಲು. "ನಮ್ಮ ಪೂರ್ವಜರಾದ ಇಂಥವರ ಜನನ ಪ್ರಮಾಣಪತ್ರ ಹಾಗೂ ಎಲ್ಲಾ ಜಮೀನು ದಾಖಲೆಗಳನ್ನು ದಯವಿಟ್ಟು ಕಳುಹಿಸಿಕೊಡಬೇಕು." ಹೆಸರು, ಊರು, ಸಹಿ. ಆಯಿತು ಅಂದುಕೊಂಡೆವು.

ಎದುರುಮನೆ ಅಂಕಲ್ ತಾಲೂಕು ಆಫೀಸಿನಲ್ಲಿ ಶಿರಸ್ತೇದಾರರಾಗಿ ರಿಟೈರ್ ಆದವರು. ಕಾಗುಣಿತ ನೋಡಿಕೊಡಿ ಅಂತ ಅವರಿಗೆ ತೋರಿಸಿದರೆ ಅವರು ನಕ್ಕರು. "ಕಾಗುಣಿತ ಸರಿ ಇದೆ ಕಣಪ್ಪ. ಕೇಳಿರೋದೇ ತಪ್ಪು. ಇದರಲ್ಲಿ ಮೂರು ಪ್ರಶ್ನೆ ಇದೆ. ಮೂರಕ್ಕೂ ಮನೆ ಬೇರೆ ಬೇರೆ."

ಮೊದಲನೆಯದು ಹುಟ್ಟು. ಈಗಿನ ಜನನ-ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಅದಕ್ಕೆ ನೂರು ವರ್ಷ ಮುಂಚೆ ಹಳ್ಳಿಯಲ್ಲಿ ಹುಟ್ಟಿದ ಮಗುವಿಗೆ ಬರ್ತ್ ಸರ್ಟಿಫಿಕೇಟ್ ಹುಡುಕಿದರೆ ಎಲ್ಲಿಂದ ಬರಬೇಕು? ನಾವು ಪ್ರತಿ ಸೆಪ್ಟೆಂಬರ್ 15ಕ್ಕೆ ಹಾರ ಹಾಕುವ ಸರ್ ಎಂ. ವಿಶ್ವೇಶ್ವರಯ್ಯನವರ ಕಥೆಯೇ ನೋಡಿ. 1960ರ ಸೆಪ್ಟೆಂಬರ್ 15ಕ್ಕೆ ಅವರ ನೂರನೇ ವರ್ಷ ಅಂತ ಅಂಚೆ ಇಲಾಖೆ ಸ್ಟ್ಯಾಂಪ್ ಬಿಡುಗಡೆ ಮಾಡಿತು, ಆಗ ಅವರು ಇನ್ನೂ ಬದುಕಿದ್ದರು. ಹಾಗಿದ್ದೂ ಅವರು ಹುಟ್ಟಿದ್ದು 1861 ಅಂತ ಅಚ್ಚಾದ ಪುಸ್ತಕಗಳು ಈಗಲೂ ಕೈಗೆ ಸಿಗುತ್ತವೆ. ದಿವಾನರದ್ದೇ ಹೀಗಿರುವಾಗ ಪಟೇಲರದ್ದು ಹೇಗಿದ್ದೀತು?

"ಜಾತಕ ಇದೆಯಾ ಕೇಳಿ" ಅಂದರು ಅಂಕಲ್. ಇತ್ತು. ಅಜ್ಜಿಯ ಟ್ರಂಕಿನಲ್ಲಿ, ಅರಿಶಿನದ ಕಲೆಯಾದ ಒಂದು ಹಾಳೆ. "ವಿಭವ ಸಂವತ್ಸರ, ಮಾಘ ಮಾಸ" ಅಂತ ಇದೆ, ಶಕ ವರ್ಷ ಬರೆದಿಲ್ಲ. ಸಂವತ್ಸರದ ಹೆಸರುಗಳು ಅರವತ್ತು, ಮುಗಿದ ಮೇಲೆ ಮತ್ತೆ ಮೊದಲಿಂದ. ಹಾಗಾಗಿ ವಿಭವ ಬರುವುದು 1808ರಲ್ಲಿ, 1868ರಲ್ಲಿ, 1928ರಲ್ಲಿ. ಅಜ್ಜಿ ಹುಡುಗಿಯಾಗಿದ್ದಾಗ ತಾತನ ತೊಡೆ ಮೇಲೆ ಕೂತವರು, ಆದ್ದರಿಂದ ಮೊದಲನೆಯದು ಆಗದು. 1928 ಅಂತೂ ಅಲ್ಲವೇ ಅಲ್ಲ. ಉಳಿದದ್ದು 1868. ನಾವು ಅದನ್ನೇ ಬರೆದುಕೊಂಡೆವು. ಅಂಕಲ್ ಅದನ್ನೂ ಹೊಡೆದುಹಾಕಿದರು. ಸಂವತ್ಸರ ಶುರುವಾಗುವುದು ಯುಗಾದಿಗೆ, ಜನವರಿಗಲ್ಲ. ಮಾಘ ಅಂದರೆ ಹನ್ನೊಂದನೇ ತಿಂಗಳು. 1868ರ ಯುಗಾದಿಗೆ ಶುರುವಾದ ವಿಭವದ ಮಾಘ ಬರುವಷ್ಟರಲ್ಲಿ ಇಂಗ್ಲಿಷ್ ಕ್ಯಾಲೆಂಡರ್ ಬದಲಾಗಿ 1869 ಆಗಿರುತ್ತದೆ. ಒಂದು ವರ್ಷ ಹೆಚ್ಚುಕಡಿಮೆ ಆಗುವುದಕ್ಕೆ ಯಾರೂ ಸುಳ್ಳು ಹೇಳಬೇಕಾಗಿಲ್ಲ, ಇಷ್ಟು ಸಾಕು.

ಎರಡನೆಯದು ಜಮೀನು. ಪತ್ರಾಗಾರ ಅಂದರೆ ಹಳೇ ಕಾಗದವೆಲ್ಲಾ ಇರುವ ಜಾಗ ಅಂತ ನಾವು ತಿಳಿದಿದ್ದೆವು. ಅಲ್ಲಿ ಮುಖ್ಯವಾಗಿ ಇರುವುದು ಸರ್ಕಾರ ನಡೆಸಿದ ಪತ್ರವ್ಯವಹಾರ: ಮೈಸೂರು ಸಂಸ್ಥಾನದ ಸೆಕ್ರೆಟೇರಿಯಟ್ ಫೈಲುಗಳು, ವರದಿಗಳು, ಗೆಜೆಟ್‌ಗಳು. ಒಂದು ಊರಿನ ಒಂದು ಸರ್ವೇ ನಂಬರು ಯಾರ ಹೆಸರಲ್ಲಿತ್ತು ಅನ್ನುವುದಕ್ಕೆ ತಾಲೂಕು ಆಫೀಸಿನ ರೆಕಾರ್ಡ್ ರೂಮಿಗೆ ಹೋಗಬೇಕು, ಅಳತೆಗೆ ಸರ್ವೇ ಇಲಾಖೆಗೆ ಹೋಗಬೇಕು. ಕಂಪ್ಯೂಟರಿನಲ್ಲಿ ಸಿಗುವ ಪಹಣಿ ಈಚಿನದು, ಅದು ತಾತನ ಕಾಲದವರೆಗೆ ಹೋಗುವುದಿಲ್ಲ. ಹಿಂದಕ್ಕೆ ಹೋಗಬೇಕಾದರೆ ಕೈಬರಹದ ಪುಸ್ತಕಗಳೇ ಗತಿ.

ಮೈಸೂರು ಸಂಸ್ಥಾನದಲ್ಲಿ ರೆವಿನ್ಯೂ ಸರ್ವೇ ಶುರುವಾದದ್ದು 1863ರಲ್ಲಿ. ಅದಾದ ಮೇಲೆ 1866ರಲ್ಲಿ ಇನಾಂ ಕಮಿಷನ್ ಬಂತು. ಯಾರ್‍ಯಾರು ಕಂದಾಯವಿಲ್ಲದೆಯೋ, 'ಜೋಡಿ' ಅನ್ನುವ ಕಡಿಮೆ ಕಂದಾಯ ಕಟ್ಟಿಯೋ ಜಮೀನು ಅನುಭವಿಸುತ್ತಿದ್ದಾರೆ, ಯಾವ ಕಾರಣಕ್ಕೆ, ಅನ್ನುವುದನ್ನು ವಿಚಾರಿಸಿ ಬರೆದಿಟ್ಟರು. ನಮ್ಮ ಪ್ರಶ್ನೆಗೆ ಉತ್ತರ ಇರಬಹುದಾದದ್ದು ಅಲ್ಲಿ.

ಸರ್ವೇ ನಂಬರ್ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಅಜ್ಜಿಯ ಅಪ್ಪ ಜಮೀನು ಮಾರಿದ ಕ್ರಯಪತ್ರ ಮನೆಯಲ್ಲಿತ್ತು, ಅದರಲ್ಲಿ ನಂಬರ್ ಇತ್ತು. ಅರ್ಜಿ ಕೊಟ್ಟು, ಮೂರು ಸಲ ಓಡಾಡಿ, ಕೊನೆಗೆ ಎರಡು ನಕಲು ಕೈಗೆ ಬಂದವು. ಒಂದು ಟಿಪ್ಪಣಿ, ಅಂದರೆ ಆ ಸರ್ವೇ ನಂಬರಿನ ಅಳತೆಯ ಕೈನಕ್ಷೆ. ಇನ್ನೊಂದು ಇನಾಂ ರಿಜಿಸ್ಟರಿನ ಒಂದು ಪುಟ.

ಟಿಪ್ಪಣಿ ನೋಡಿ ನಾವು ಮೊದಲು ಬೆಪ್ಪಾದೆವು. ಅಳತೆಗಳ ಪಕ್ಕ ಆಣೆ ಅಂತ ಇದೆ! ದುಡ್ಡಿನ ಆಣೆ ಅಲ್ಲ. ಆಗಿನ ಸರ್ವೇ ಸರಪಳಿ 33 ಅಡಿ ಉದ್ದ, ಅದರಲ್ಲಿ 16 ಆಣೆ. ಒಂದು ಆಣೆ ಅಂದರೆ ಎರಡು ಅಡಿ ಮುಕ್ಕಾಲು ಇಂಚು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕ ಅಂದರೆ 1089 ಚದರಡಿ, ಅದೇ ಒಂದು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ಸರ್ವೇಯಿಂಗ್ ಲ್ಯಾಬಿನಲ್ಲಿ ಮೀಟರ್ ಚೈನ್ ಎಳೆದಾಡುವಾಗ ಗುಂಟೆ ಎಲ್ಲಿಂದ ಬಂತು ಅಂತ ಯಾರೂ ಕೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ನಮ್ಮ ಜಮೀನು 3 ಎಕರೆ 20 ಗುಂಟೆ. ಅಂದರೆ 140 ಗುಂಟೆ, 1,52,460 ಚದರಡಿ. ರಸ್ತೆ ಬಿಡದೆ ಲೆಕ್ಕ ಹಾಕಿದರೂ ಮೂವತ್ತು-ನಲವತ್ತರ 127 ಸೈಟು. ಈಗ ಅಲ್ಲಿ ಲೇಔಟ್ ಇದೆ.

ಇನ್ನೊಂದು ಪುಟವನ್ನು ಅಂಕಲ್ ಓದಿ ಹೇಳಿದರು. ಅನುಭವದಾರರ ಹೆಸರು ಅಜ್ಜಿಯ ತಾತನದಲ್ಲ, ಆ ತಾತನ ಅಪ್ಪನದು. ಇನಾಮಿನ ಬಗೆ ಅನ್ನುವ ಕಾಲಮ್ಮಿನಲ್ಲಿ ಒಂದೇ ಪದ: ಕೊಡಗಿ.

ಕೊಡಗಿ ಅಂದರೆ ಏನು ಅಂತ ನಮಗೆ ಗೊತ್ತಿರಲಿಲ್ಲ. ಕೆರೆ ಕಟ್ಟಿಸಿದವರಿಗೆ, ಒಡೆದದ್ದನ್ನು ಸರಿಮಾಡಿದವರಿಗೆ, ಅಥವಾ ಏರಿ, ತೂಬು ನೋಡಿಕೊಳ್ಳುವ ಹೊಣೆ ಹೊತ್ತವರಿಗೆ ಕೊಡುತ್ತಿದ್ದ ಜಮೀನು ಅದು. ಅಂದರೆ ಕಥೆ ತಲೆಕೆಳಗಾಯಿತು. ತಾತ ಕೆರೆಗೆ ಜಮೀನು ಕೊಟ್ಟದ್ದಲ್ಲ. ಕೆರೆಗೋಸ್ಕರ ಅವರ ಮನೆತನಕ್ಕೇ ಜಮೀನು ಕೊಟ್ಟದ್ದು. ಇನಾಂ ಕಮಿಷನ್ ಬಂದಾಗ ತಾತ ಹುಟ್ಟಿಯೇ ಇರಲಿಲ್ಲ. ಜಾತಕದ ಆ ಒಂದು ವರ್ಷಕ್ಕೆ ಅಷ್ಟು ತಲೆ ಕೆಡಿಸಿಕೊಂಡದ್ದು ಯಾಕೆ ಅಂತ ಆಗ ಅರ್ಥವಾಯಿತು. ಹಾಗಂತ ಮದುವೆಮನೆ ನೆಂಟರು ಹೇಳಿದ್ದೂ ಪೂರ್ತಿ ಸರಿಯಲ್ಲ. ಸುಮ್ಮನೆ ಯಾರಿಗೂ ಕೊಡಗಿ ಬರುವುದಿಲ್ಲ. ಆ ಮನೆಯವರು ಯಾರೋ ಕೆರೆಗೆ ಏನೋ ಮಾಡಿದ್ದಾರೆ.

ಅಜ್ಜಿಗೆ ಹೇಳುವುದು ಹೇಗೆ? ಎರಡು ದಿನ ಮುಂದೂಡಿದೆವು. ಬೇರೆ ಏನಾದರೂ ಹೇಳಿಬಿಡೋಣ, ಎಂಬತ್ತಾರರಲ್ಲಿ ಯಾಕೆ ಅಂತಲೂ ಮಾತಾಡಿಕೊಂಡೆವು. ಕೊನೆಗೆ ಭಾನುವಾರ ಕಾಫಿ ಹೊತ್ತಿಗೆ ಪುಟವನ್ನು ಅವರ ಕೈಗೇ ಕೊಟ್ಟೆವು. ಅಜ್ಜಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ, "ಕೊಡಗಿ ಹೊಲ ಅಂತ ನಾವು ಚಿಕ್ಕವರಿದ್ದಾಗ ಅನ್ನೋರು. ಅದು ಹೊಲದ ಹೆಸರು ಅಂದುಕೊಂಡಿದ್ದೆ" ಅಂದರು. ಸ್ವಲ್ಪ ಸುಮ್ಮನಿದ್ದು, "ಹಂಗಾದ್ರೆ ಆ ಹೊಲ ಮಾರಿದ ಮೇಲೆ ಕೆರೆ ನೋಡಿಕೊಂಡೋರು ಯಾರು?" ಅಂದರು. ಅದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಉಳಿದದ್ದು ಮೂರನೇ ಪ್ರಶ್ನೆ, ಅದು ನಿಜವಾಗಿ ಪತ್ರಾಗಾರಕ್ಕೆ ಹೋಗಬೇಕಾದದ್ದು. ಪ್ರಜಾಪ್ರತಿನಿಧಿ ಸಭೆ 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಶುರುವಾದದ್ದು. ಮೊದಲ ಸಭೆಗೆ 144 ಜನ ಬಂದಿದ್ದರು. ಅದರ ನಡಾವಳಿಗಳು ಅಚ್ಚಾಗಿವೆ. ತಾತ ಅಲ್ಲಿ ಬಾಯಿಬಿಟ್ಟಿದ್ದರೆ ಅದು ಕಾಗದದಲ್ಲಿ ಉಳಿದಿರುವ ಸಾಧ್ಯತೆ ಇದೆ. ಆದರೆ ಹಳೇ ಫೈಲುಗಳನ್ನು ಜೋಡಿಸಿರುವುದು ಇಲಾಖೆ, ವರ್ಷ, ಫೈಲ್ ನಂಬರ್ ಪ್ರಕಾರ, ಮನುಷ್ಯರ ಹೆಸರಿನ ಪ್ರಕಾರ ಅಲ್ಲ. ಬರೀ ಹೆಸರು ಕೊಟ್ಟರೆ ಯಾರು ಎಲ್ಲಿ ಅಂತ ಹುಡುಕುತ್ತಾರೆ? ಹಾಗಾಗಿ ಹೊಸ ಪತ್ರ ಹೀಗಾಯಿತು:

"ಮಾನ್ಯರೇ, ಬೆಂಗಳೂರು ಜಿಲ್ಲೆ, ಕೆಂಗೇರಿ ಹೋಬಳಿಯ ಈ ಕೆಳಗಿನ ಗ್ರಾಮದ ಪಟೇಲರಾಗಿದ್ದ ಇಂಥವರು (ಜನನ 1869, ಜಾತಕದ ಆಧಾರದಿಂದ, ತಂದೆಯ ಹೆಸರು ಇಂಥದ್ದು) ಮೈಸೂರು ಪ್ರಜಾಪ್ರತಿನಿಧಿ ಸಭೆಯ ಸದಸ್ಯರಾಗಿದ್ದರೆಂದು ನಮ್ಮ ಮನೆಯಲ್ಲಿ ಹೇಳುತ್ತಾರೆ. 1895ರಿಂದ 1920ರವರೆಗಿನ ಸಭಾ ನಡಾವಳಿಗಳಲ್ಲಿ ಅವರ ಹೆಸರು ಇದೆಯೇ ಎಂದು ನೋಡಲು, ಹಾಗೂ ಅದೇ ಅವಧಿಯಲ್ಲಿ ಸದರಿ ಗ್ರಾಮದ ಕೆರೆ ದುರಸ್ತಿಗೆ ಸಂಬಂಧಿಸಿದ ರೆವಿನ್ಯೂ ಅಥವಾ ಲೋಕೋಪಯೋಗಿ ಇಲಾಖೆಯ ಕಡತಗಳ ಸೂಚಿ ನೋಡಲು ಅನುಮತಿ ಕೋರುತ್ತೇವೆ. ಅವರ ಹೆಸರನ್ನು ಇಂಗ್ಲಿಷಿನಲ್ಲಿ ಮೂರು ರೀತಿ ಬರೆದಿರಬಹುದಾದ್ದರಿಂದ ಮೂರನ್ನೂ ಕೆಳಗೆ ಕೊಟ್ಟಿದ್ದೇವೆ."

"ಕಳುಹಿಸಿಕೊಡಿ" ಹೋಗಿ "ನೋಡಲು ಅನುಮತಿ" ಆಯಿತು. "ಎಲ್ಲಾ ದಾಖಲೆ" ಹೋಗಿ ಇಪ್ಪತ್ತೈದು ವರ್ಷ, ಎರಡು ಇಲಾಖೆ, ಒಂದು ಕೆರೆ ಆಯಿತು. ಕ್ರಯಪತ್ರ, ಜಾತಕ, ಇನಾಂ ಪುಟದ ಜೆರಾಕ್ಸ್ ಜೊತೆಗಿಟ್ಟೆವು. ಅಂಕಲ್ ಈ ಸಲ ಏನೂ ಹೊಡೆದುಹಾಕಲಿಲ್ಲ.

ಹೋದ ವಾರ ಸ್ಪೀಡ್ ಪೋಸ್ಟ್ ಮಾಡಿದೆವು. ಅನುಮತಿ ಬಂದರೆ ಇಂಟರ್ನಲ್ಸ್ ಮುಗಿದ ಮೇಲೆ ವಿಜಯನಗರದಲ್ಲಿ ಮೆಟ್ರೋ ಹತ್ತುವುದು, ವಿಧಾನಸೌಧ ಸ್ಟೇಷನ್‌ನಲ್ಲಿ ಇಳಿಯುವುದು. ಅಜ್ಜಿ ಈಗ ಕಥೆ ಹೇಳುವಾಗ "ಕಟ್ಟಿಸಿದ್ದು" ಅನ್ನುವುದಿಲ್ಲ, "ನೋಡಿಕೊಳ್ತಿದ್ದ ಮನೆ ನಮ್ಮದು" ಅನ್ನುತ್ತಾರೆ. ಮೊನ್ನೆ ನಮ್ಮನ್ನು ಕರೆದು, ಕಾಗದದಲ್ಲಿ ಇನ್ನೊಂದು ವಿಷಯ ಸೇರಿಸಬೇಕಿತ್ತು ಅಂದರು. ಏನು ಅಂದರೆ, "ಕೆರೆ ಈಗ ಹೆಂಗಿದೆ ಅಂತ ಕೇಳಬೇಕಿತ್ತು."

ಅದಕ್ಕೆ ಪತ್ರ ಬೇಡ ಅಜ್ಜಿ, ಬೈಕಿನಲ್ಲಿ ಹೋದರೆ ಅರ್ಧ ಗಂಟೆ ಅಂದೆವು. ಇಷ್ಟು ದಿನ ಆದರೂ ನಾವಿಬ್ಬರೂ ಅಲ್ಲಿಗೆ ಒಮ್ಮೆಯೂ ಹೋಗಿಲ್ಲ ಅನ್ನುವುದು ಹೊಳೆದದ್ದು ಆಗಲೇ.