ಮೋಡ ಕವಿದಾಗ ಮುಚ್ಚಳ ತೆಗೆಯುವುದು

1
ಸೌರ ಪಂಪ್‌ಸೆಟ್‌ನ ಕಂಟ್ರೋಲರ್ ಕೈಪಿಡಿ ಕನ್ನಡಕ್ಕೆ ಬರುತ್ತಿದೆ. ಅನುವಾದ ನಡೆಯುವುದು ಫ್ಯಾನಿನ ಕೆಳಗೆ. ಅದನ್ನು ಓದಬೇಕಾದವನು ಬೋರ್‌ವೆಲ್ ಪಕ್ಕದಲ್ಲಿ ಸ್ಕ್ರೂಡ್ರೈವರ್ ಹಿಡಿದು ನಿಂತಿರುತ್ತಾನೆ.

2
ಮೂಲದಲ್ಲಿ ಗಾಯದ ಎಚ್ಚರಿಕೆಗಳು ಮೂರು ಬಣ್ಣದಲ್ಲಿವೆ. ಕೆಂಪು: ತಪ್ಪಿಸಿಕೊಳ್ಳದಿದ್ದರೆ ಸಾವು ಇಲ್ಲವೇ ತೀವ್ರ ಗಾಯ ಖಂಡಿತ. ಕಿತ್ತಳೆ: ಆಗಬಹುದು. ಹಳದಿ: ಗಾಯ ಅಷ್ಟು ದೊಡ್ಡದಲ್ಲ. ಕನ್ನಡದಲ್ಲಿ ಅಪಾಯ, ಎಚ್ಚರಿಕೆ, ಜಾಗ್ರತೆ ಎಂದು ಹಾಕಿದ್ದಾರೆ. ಕೊನೆಯ ಎರಡರಲ್ಲಿ ಯಾವುದು ದೊಡ್ಡದು ಎಂದು ಕೇಳಿದೆ. ಒಬ್ಬೊಬ್ಬರು ಒಂದೊಂದು ಹೇಳಿದರು.

3
ಹಳ್ಳಿಗೆ ಹೋಗುವುದು ಜೆರಾಕ್ಸ್ ಪ್ರತಿ. ಮೂರೂ ಬಣ್ಣ ಬೂದು.

4
ಒಂದು ಸಾಲು: ‘ವಿದ್ಯುತ್ ಸಂಪರ್ಕ ಕಡಿತಗೊಂಡಿರುವುದನ್ನು ಖಚಿತಪಡಿಸಿಕೊಂಡು ಮುಚ್ಚಳ ತೆರೆಯತಕ್ಕದ್ದು.’

ತಂತ್ರಜ್ಞನೊಬ್ಬನಿಗೆ ಓದಲು ಕೊಟ್ಟರು. ‘ಅಂದ್ರೆ ಕರೆಂಟ್ ಹೋಗಿರಬೇಕು ಅಂತ ತಾನೇ ಸಾರ್?’ ಅಂದ.

ಅವನು ಮೊದಲು ಲೈನಿನ ಮೋಟಾರುಗಳ ಸ್ಟಾರ್ಟರ್ ರಿಪೇರಿ ಮಾಡುತ್ತಿದ್ದವನು. ಅಲ್ಲಿ ಕರೆಂಟ್ ಹೋಗುತ್ತದೆ, ಬರುತ್ತದೆ. ಇಲ್ಲಿ ಲೈನೇ ಇಲ್ಲ. ಬೆಳಕಿರುವಷ್ಟು ಹೊತ್ತು ಪ್ಯಾನೆಲ್ ಕಡೆಯ ವೈರು ಜೀವಂತ.

5
ಲೆಕ್ಕ ಹಾಕಿ ನೋಡಿದೆ. ಒಂದು ಪ್ಯಾನೆಲ್‌ನಿಂದ ಸುಮಾರು 45 ವೋಲ್ಟ್. ಒಂದರ ಹಿಂದೊಂದು 15 ಜೋಡಿಸಿದರೆ 675. ಮನೆಯ ಪ್ಲಗ್‌ನಲ್ಲಿ ಇರುವುದು 230.

6
ಮೋಡ ಬಂದರೆ ಪಂಪ್ ನಿಲ್ಲುತ್ತದೆ. ಕರೆಂಟಿನ ಪ್ರಮಾಣ, ಅಂದರೆ ಆಂಪಿಯರ್, ಬೆಳಕಿನ ಜೊತೆಗೇ ಇಳಿಯುತ್ತದೆ. ವೋಲ್ಟೇಜ್ ಹಾಗೆ ಇಳಿಯುವುದಿಲ್ಲ. ಮೋಡದಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಮೋಟಾರು ತಿರುಗಿಸಲು ಸಾಲದ್ದು ಮನುಷ್ಯನನ್ನು ಕೊಲ್ಲಲು ಸಾಕು.

ರೈತ ಫೋನ್ ಮಾಡುವುದೂ ಪಂಪ್ ನಿಂತಾಗಲೇ.

7
ಬಿಸಿಲು ಮರಳಿದರೆ ಕಂಟ್ರೋಲರ್ ತಾನಾಗಿ ಮೋಟಾರು ಚಾಲೂ ಮಾಡುತ್ತದೆ. ಈ ವಾಕ್ಯ ಮೂಲದಲ್ಲಿ ‘ವೈಶಿಷ್ಟ್ಯಗಳು’ ಅಧ್ಯಾಯದಲ್ಲಿದೆ. ಎಚ್ಚರಿಕೆಯ ಪುಟದಲ್ಲಿ ಇಲ್ಲ. ಅನುವಾದಕರು ಅದನ್ನು ಅಲ್ಲಿಗೂ ತರಬಹುದೇ ಎಂದು ಕೇಳಿ ಕಂಪನಿಗೆ ಬರೆದರು. ಇದ್ದದ್ದನ್ನು ಇದ್ದಂತೆ ಮಾಡಿ ಎಂಬ ಉತ್ತರ ಬಂತು.

8
ನಾಲ್ಕನೆಯ ಟಿಪ್ಪಣಿಯ ಸಾಲು ಈಗ ಹೀಗಾಗಿದೆ:

ಮೊದಲು ಪಂಪ್ ನಿಲ್ಲಿಸಿ.
ಡಿಸಿ ಸ್ವಿಚ್ ಆಫ್ ಮಾಡಿ.
10 ನಿಮಿಷ ಕಾಯಿರಿ.
ಮುಚ್ಚಳ ತೆಗೆಯಿರಿ. ಯಾವುದನ್ನೂ ಮುಟ್ಟಬೇಡಿ.
ಮೀಟರ್ ಇಟ್ಟು ನೋಡಿ.

ಒಂದು ಸಾಲು ಐದಾಯಿತು. ಪುಟಕ್ಕೆ ಹಿಡಿಸುವುದಿಲ್ಲ ಎಂದು ಡಿಟಿಪಿ ಮಾಡುವವರ ತಕರಾರು.

9
ಪಂಪ್ ನಿಲ್ಲಿಸುವುದು ಯಾಕೆ ಮೊದಲು? ಓಡುವಾಗ ಪ್ಯಾನೆಲ್‌ನ ಕನೆಕ್ಟರ್ ಕಿತ್ತರೆ ಎರಡು ತುದಿಗಳ ನಡುವೆ ಕಿಡಿ ಹತ್ತಿ ನಿಂತೇಬಿಡುತ್ತದೆ. ಮನೆಯ ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆ ಮುಟ್ಟುವುದರಿಂದ ಅಲ್ಲಿ ಕಿಡಿಗೆ ಆರಲು ಅವಕಾಶವುಂಟು. ಡಿಸಿ ಸೊನ್ನೆ ಮುಟ್ಟುವುದಿಲ್ಲ.

10
ಹತ್ತು ನಿಮಿಷ ಕೆಪಾಸಿಟರ್‌ಗಳಿಗಾಗಿ. ಸ್ವಿಚ್ ಆಫ್ ಆದ ಮೇಲೂ ಅವುಗಳಲ್ಲಿ ಚಾರ್ಜ್ ಉಳಿದು ನಿಧಾನ ಖಾಲಿಯಾಗುತ್ತದೆ. ಡಿಸ್‌ಪ್ಲೇ ಅದಕ್ಕೂ ಮುಂಚೆ ಆರಿರಬಹುದು.

ತಂತ್ರಜ್ಞ ಡಿಸ್‌ಪ್ಲೇ ನೋಡುತ್ತಾನೆ. ಗಡಿಯಾರ ನೋಡಿದ್ದನ್ನು ನಾನು ಕಾಣೆ.

11
ಕಾಯುವ ಸೂಚನೆಯ ಸ್ಟಿಕ್ಕರ್ ಒಂದು ಪೆಟ್ಟಿಗೆಯಲ್ಲಿ ಮುಚ್ಚಳದ ಒಳಮೈಗೆ ಅಂಟಿತ್ತು.

12
‘ಮೀಟರ್ ಇಟ್ಟು ನೋಡಿ’ ಎಂಬುದಕ್ಕೂ ಒಂದು ಬಾಲ ಬೇಕಾಯಿತು. ಮೀಟರಿನ ಗುಬುಟು ಎಸಿಯಲ್ಲಿದ್ದರೆ ತುಂಬಿದ ಕೆಪಾಸಿಟರ್ ಮೇಲೂ ಸೊನ್ನೆ ತೋರಿಸಬಹುದು. ಸ್ಟಾರ್ಟರ್ ಕೆಲಸದವರ ಮೀಟರ್ ಸದಾ ಎಸಿಯಲ್ಲೇ. ಕೆಲವರ ಮೀಟರ್ 600 ವೋಲ್ಟಿನದು.

ಸೇರಿಸಿದ್ದು: ‘ಗುಬುಟನ್ನು ಡಿಸಿಗೆ ತಿರುಗಿಸಿ. 1000 ವೋಲ್ಟಿನ ಮೀಟರ್ ಬಳಸಿ.’

13
ದೋಷ ಹುಡುಕುವ ಕೋಷ್ಟಕ. ತೊಂದರೆ: ಮೋಟಾರು ಓಡುತ್ತದೆ, ನೀರು ಕಡಿಮೆ. ಕಾರಣ: ಉಲ್ಟಾ ತಿರುಗುತ್ತಿದೆ. ಪರಿಹಾರ: ‘ಯಾವುದಾದರೂ ಎರಡು ವೈರ್ ಅದಲುಬದಲು ಮಾಡಿ.’

ಮೋಟಾರಿಗೆ ಹೋಗುವ ಮೂರು ವೈರುಗಳ ಮಟ್ಟಿಗೆ ಇದು ಸರಿ. ಅದೇ ಪೆಟ್ಟಿಗೆಯಲ್ಲಿ ಪ್ಯಾನೆಲ್‌ನಿಂದ ಬಂದ ಎರಡು ವೈರುಗಳೂ ಇವೆ. ಮೂಲದಲ್ಲಿ ಪಕ್ಕದಲ್ಲಿ ಚಿತ್ರವಿತ್ತು. ಕನ್ನಡ ಪ್ರತಿಯಲ್ಲಿ ಅದು ಮುಂದಿನ ಪುಟಕ್ಕೆ ಜಾರಿದೆ.

14
ತಿದ್ದಿದ್ದು: ‘ಮೋಟಾರಿಗೆ ಹೋಗುವ ಯು, ವಿ, ಡಬ್ಲ್ಯು ವೈರುಗಳಲ್ಲಿ ಎರಡನ್ನು. ಪ್ಯಾನೆಲ್‌ನ ಪ್ಲಸ್, ಮೈನಸ್ ಬದಲಿಸಬೇಡಿ.’ ಅದರ ಮೇಲೆ ಎಂಟನೆಯ ಟಿಪ್ಪಣಿಯ ಐದೂ ಸಾಲು ಮತ್ತೆ. ಡಿಟಿಪಿಯವರು ಅಕ್ಷರ ಸಣ್ಣ ಮಾಡಿ ಹಿಡಿಸಿದರು.

15
ತಂತ್ರಜ್ಞನಿಗೆ ಹೊಸ ಪುಟ ತೋರಿಸಿದರು. ಕನ್ನಡಕ ತಂದಿಲ್ಲ, ಫೋಟೋ ತೆಗೆದು ದೊಡ್ಡದು ಮಾಡಿಕೊಳ್ಳುತ್ತೇನೆ ಅಂದ. ಹತ್ತು ನಿಮಿಷದ ಸಾಲಿನ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆದು, ‘ಅಷ್ಟು ಹೊತ್ತು ಪಾರ್ಟಿಗೆ ಏನು ಹೇಳ್ಲಿ, ಅದನ್ನೂ ಬರೀರಿ’ ಅಂದ.