ವಿಳಾಸವಿಲ್ಲದ ಬಾಗಿಲು

ಊರಿನ ಮನೆಗೆ ವಿಳಾಸವುಂಟು; ಬೆಟ್ಟಕ್ಕೆ ಇಲ್ಲ. ಈ ಸಣ್ಣ ಸಂಗತಿಯನ್ನು ಮರೆತುದರಿಂದ ನಮ್ಮ ಮನೆಯವರು 2019ರ ಡಿಸೆಂಬರಿನ ಒಂದು ಮುಂಜಾನೆಯನ್ನು ಬಹಳ ಕಳವಳದಲ್ಲಿ ಕಳೆಯಬೇಕಾಯಿತು.

ಕುಮಾರ ಪರ್ವತವನ್ನು ಏರಬೇಕೆಂಬುದು ನನ್ನ ಮಗನ ಬಹುದಿನದ ಆಸೆ. ನಾವಿಬ್ಬರೂ ಹಿಂದಿನ ರಾತ್ರಿಯೇ ಬಸ್ಸಿನಲ್ಲಿ ಕುಕ್ಕೆ ಸುಬ್ರಹ್ಮಣ್ಯಕ್ಕೆ ಬಂದು ತಂಗಿದ್ದೆವು. ಅಳಿಯಂದಿರು ಮೈಸೂರಿನಿಂದ ತಮ್ಮ ಕಾರಿನಲ್ಲಿ ನೇರವಾಗಿ ಬರತಕ್ಕವರು. "ಬೆಳಗ್ಗೆ ಏಳು ಗಂಟೆಗೆ ಗೇಟಿನ ಬಳಿ ಸೇರೋಣ" ಎಂದು ಮಾತಾಯಿತು. ಯಾವ ಗೇಟು ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ದೇವಸ್ಥಾನದಿಂದ ದೇವರಗದ್ದೆಯ ಕಡೆಗೆ ಹೋಗುವ ರಸ್ತೆಯಲ್ಲಿ ನಡೆದೆವು. ಊರು ಮುಗಿದು ತೋಟಗಳ ಸಾಲು ಬಂದಿತು. ಒಂದೆಡೆ ರಸ್ತೆಯ ಮಗ್ಗುಲಿನಿಂದ ಕಾಲುದಾರಿಯೊಂದು ಕಾಡಿನೊಳಕ್ಕೆ ಹೊಕ್ಕಿತ್ತು. ನಾನು ನಿರೀಕ್ಷಿಸಿದ್ದ ಗೇಟಾಗಲಿ, ಚೀಟಿ ಕೊಡುವ ಕಟ್ಟೆಯಾಗಲಿ ಅಲ್ಲಿರಲಿಲ್ಲ. ದಾರಿ ತಪ್ಪಿದೆವೆಂದು ಬಗೆದು ಹಿಂದಿರುಗಿದೆವು, ಪುನಃ ಬಂದೆವು, ಮತ್ತೆ ಹಿಂದಿರುಗಿದೆವು. ಅಷ್ಟರಲ್ಲಿ ಅಳಿಯಂದಿರ ದೂರವಾಣಿ ಕರೆ ಬಂದಿತು.

"ಮಾವ, ನಾನು ಗೇಟಿನ ಮುಂದೆಯೇ ನಿಂತಿದ್ದೇನೆ. ನೀವೆಲ್ಲಿ? ಮುಂದೆ ಹೋಗಿಬಿಟ್ಟಿರಾ? ಹಾಗಿದ್ದರೆ ನಾನೂ ಹತ್ತಿಬರುತ್ತೇನೆ."

ನಾನು ಉತ್ತರ ಕೊಡುವ ಮೊದಲೇ ಮಾತು ಕಡಿದುಹೋಯಿತು. ಬಳಿಕ ಎಷ್ಟು ಕರೆದರೂ ಸಂಪರ್ಕ ದೊರೆಯಲಿಲ್ಲ. ಒಬ್ಬರೇ ಕಾಡು ಹೊಕ್ಕರೆ ಗತಿಯೇನೆಂದು ನನಗೆ ದಿಗಿಲಾಯಿತು; ಮನೆಯಲ್ಲಿದ್ದ ಮಗಳ ಮುಖ ಕಣ್ಣ ಮುಂದೆ ಬಂದಿತು.

ತೋಟದಲ್ಲಿ ಅಡಕೆ ಹೆಕ್ಕುತ್ತಿದ್ದ ಒಬ್ಬ ಹೆಂಗಸು ನಮ್ಮ ತಿರುಗಾಟವನ್ನು ನೋಡುತ್ತಲೇ ಇದ್ದಳೆಂದು ತೋರುತ್ತದೆ. ಬೇಲಿಯ ಬಳಿಗೆ ಬಂದು, "ಗೇಟಾ? ಇಲ್ಲಿ ಗೇಟು ಎಂತದ್ದೂ ಇಲ್ಲ. ಅದು ಮೇಲೆ, ಭಟ್ಟರ ಮನೆ ದಾಟಿದ ಮೇಲೆ. ನಿಮ್ಮವರು ಯಾವ ಕಡೆಯಿಂದ ಬಂದದ್ದು?" ಎಂದು ಕೇಳಿದಳು.

"ಮೈಸೂರಿನಿಂದ, ಸೋಮವಾರಪೇಟೆಯ ಮೇಲೆ ಬಂದಿರಬಹುದು" ಎಂದೆ.

"ಹಾಗಾದರೆ ಅವರು ಬೀದಳ್ಳಿಯಲ್ಲಿ ಇರುವುದು. ಗುಡ್ಡೆಯ ಆ ಬದಿ!"

ಆಗ ಎಲ್ಲವೂ ತಿಳಿಯಿತು. ದಕ್ಷಿಣ ಕನ್ನಡದವರು ಕುಮಾರ ಪರ್ವತವೆನ್ನುವ ಶಿಖರವನ್ನೇ ಕೊಡಗಿನವರು ಪುಷ್ಪಗಿರಿ ಎನ್ನುತ್ತಾರೆ. ಎತ್ತರ 1,712 ಮೀಟರು. ಹೆಸರು ಎರಡು, ಏರುವ ದಾರಿಯೂ ಎರಡು. ಬೀದಳ್ಳಿಯ ಕಡೆ ಅರಣ್ಯ ಇಲಾಖೆಯ ಗೇಟು ದಾರಿಯ ಆರಂಭದಲ್ಲಿಯೇ ಇದೆ. ಕುಕ್ಕೆಯ ಕಡೆಯಾದರೋ ದಾರಿಯ ಆರಂಭ ಒಂದೆಡೆ, ಗೇಟು ಇನ್ನೊಂದೆಡೆ. ಕಾಡಿನಲ್ಲಿ ಮೂರು ನಾಲ್ಕು ಗಂಟೆ ಏರಿ ಗಿರಿಗದ್ದೆಯ ಭಟ್ಟರ ಮನೆಯನ್ನು ದಾಟಿದಮೇಲೆ ಚೆಕ್‌ಪೋಸ್ಟ್ ಸಿಕ್ಕುವುದು. ಕೆಳಗೆ ಗೇಟನ್ನು ಹುಡುಕುವವನು ಸರಿಯಾದ ದಾರಿಯಲ್ಲಿಯೇ ನಿಂತು, ದಾರಿ ತಪ್ಪಿದೆನೆಂದು ಹಿಂದಿರುಗುವುದು ಹೀಗೆ.

ಅಳಿಯಂದಿರ ತಪ್ಪೂ ಇದೇ ಬಗೆಯದು. ಅವರು ಫೋನಿನ ನಕ್ಷೆಯಲ್ಲಿ ಬೆಟ್ಟದ ಹೆಸರನ್ನು ಕೊಟ್ಟಿದ್ದರು. ನಕ್ಷೆಯು ಬೆಟ್ಟದ ಗುರುತನ್ನು ಶಿಖರದ ಮೇಲೆ ಇಡುತ್ತದೆ. ಶಿಖರಕ್ಕೆ ವಾಹನದ ರಸ್ತೆಯಿಲ್ಲ. ಆದುದರಿಂದ ಅದು ಶಿಖರಕ್ಕೆ ಸಮೀಪವೆಂದು ತನಗೆ ತೋರಿದ ರಸ್ತೆಯ ಕೊನೆಗೆ ಕರೆದೊಯ್ದು ಕೈಬಿಡುತ್ತದೆ. ನಮ್ಮ ಜೊತೆಯವರು ಬೆಟ್ಟದ ಯಾವ ಮಗ್ಗುಲಲ್ಲಿದ್ದಾರೆಂಬುದು ಅದಕ್ಕೆ ತಿಳಿಯದು.

ಮಗನು ಊರಿಗೆ ಓಡಿ, ಅಂಗಡಿಯೊಂದರ ಮುಂದೆ ನಿಂತು ಸಂಪರ್ಕ ಸಾಧಿಸಿದನು. ಬೀದಳ್ಳಿಯ ಕಾವಲುಗಾರರು ಒಂಟಿಯಾಗಿ ಹೋಗಬೇಡಿರೆಂದು ಅಳಿಯಂದಿರನ್ನು ತಡೆದು ಕೂಡಿಸಿದ್ದರಂತೆ. ಅವರು ಘಟ್ಟವನ್ನು ಸುತ್ತಿ ಬಂದು ಸೇರುವಾಗ ಮಧ್ಯಾಹ್ನ ಕಳೆದಿತ್ತು. ಆ ದಿನ ಬೆಟ್ಟ ಹತ್ತಲಾಗಲಿಲ್ಲ. ಮರುದಿನ ಬೆಳಕು ಹರಿಯುವಾಗ ಮೂವರೂ ಅದೇ ಕಾಲುದಾರಿಯನ್ನು ಹಿಡಿದೆವು. ಕಾಡಿನ ನಡುವೆ ಭೀಮನ ಬಂಡೆ ಸಿಕ್ಕಿದಾಗ, ಆ ಹೆಂಗಸು ಹೇಳಿಕೊಟ್ಟಿದ್ದ ಗುರುತು ಇದೇ ಎಂದು ಧೈರ್ಯವಾಯಿತು.

ಈಗ ನಿಯಮ ಬೇರೆಯಾಗಿದೆ. 2024ರ ಜನವರಿಯಲ್ಲಿ ಅಲ್ಲಿ ಜನಸಂದಣಿ ಮಿತಿಮೀರಿದ ಬಳಿಕ, ಅರಣ್ಯ ಇಲಾಖೆಯ ಅಂತರ್ಜಾಲ ತಾಣದಲ್ಲಿ ಮೊದಲೇ ಚೀಟಿ ಪಡೆಯಬೇಕಾಗಿದೆ. ಆದರೂ ಆ ಚೀಟಿ ಯಾವ ದಾರಿಯದೆಂದು ನೋಡಿಕೊಳ್ಳುವ ಕೆಲಸ ನಮ್ಮದೇ.

ಅಂದಿನಿಂದ ನಾನು ಬೆಟ್ಟದ ಹೆಸರನ್ನು ಹೇಳಿ ದಾರಿ ಕೇಳುವುದನ್ನು ಬಿಟ್ಟಿದ್ದೇನೆ. ಕೇಳುವುದು ಮೂರೇ ಪ್ರಶ್ನೆ: ಯಾವ ಊರಿನಿಂದ ಏರಬೇಕು? ಚೆಕ್‌ಪೋಸ್ಟ್ ಬುಡದಲ್ಲಿದೆಯೋ ಮೇಲಿದೆಯೋ? ಮೊದಲ ಎರಡು ಗಂಟೆಯ ನಡಿಗೆಯಲ್ಲಿ ಏನೇನು ಸಿಕ್ಕುವುದು? ಈ ಮೂರನ್ನೂ ಕಾಗದದ ಮೇಲೆ ಬರೆದು, ಜೊತೆಗೆ ಬರುವವರಿಗೆಲ್ಲ ಒಂದೊಂದು ಪ್ರತಿ ಕೊಡುತ್ತೇನೆ. ಮೊದಲ ಪ್ರತಿಯನ್ನು ಕೇಳಿ ಪಡೆಯುವವರು ಅಳಿಯಂದಿರೇ.